ಐಆರ್ 64 × ಅಜುಸೆನಾ: ಭತ್ತದ ಸಂಕರದಲ್ಲಿ ಇಳುವರಿಯ ಕ್ಯೂಟಿಎಲ್ ಪತ್ತೆ ಮಾಡುವ ಬಗೆ

ಐಆರ್ 64 ಗಿಡ್ಡ, ನೀರಾವರಿ ಗದ್ದೆಯ ಇಂಡಿಕಾ ಭತ್ತ. ಅಜುಸೆನಾ ಫಿಲಿಪ್ಪೀನ್ಸ್‌ನ ಎತ್ತರದ, ಮಳೆಯಾಶ್ರಿತ ಜಪೋನಿಕಾ. ಇವೆರಡರ ಸಂಕರದಿಂದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಬಂದ 135 ಸಾಲುಗಳನ್ನು, ಅಂದರೆ ಒಂದೊಂದು ಗಿಡದಿಂದ ಇಳಿದ ಸ್ಥಿರ ವಂಶಗಳನ್ನು, ಏಷ್ಯಾದ ಒಂಬತ್ತು ಕಡೆ ಬೆಳೆದು ಇಳುವರಿಯ ಕ್ಯೂಟಿಎಲ್ ಹುಡುಕಿದ ಕೆಲಸದಲ್ಲಿ ಬೆಂಗಳೂರಿನ ಜಿಕೆವಿಕೆಯೂ ಪಾಲುಗೊಂಡಿತ್ತು. ಇದೇ ಜೋಡಿಯನ್ನು ಈಗ ಹೊಸದಾಗಿ ಸಂಕರ ಮಾಡಿ, ಮೊದಲಿನಿಂದ ಕೊನೆಯವರೆಗೆ ಕೆಲಸ ನಡೆಸುವುದು ಹೇಗೆಂದು ಇಲ್ಲಿ ನೋಡೋಣ.

ವಿಷಯದ ತಿರುಳು ಸರಳ. ಸಂಕರದಿಂದ ಬಂದ ಪ್ರತಿ ಸಾಲಿನಲ್ಲೂ ವರ್ಣತಂತುವಿನ ಒಂದು ಭಾಗ ತಾಯಿಯದು, ಇನ್ನೊಂದು ಭಾಗ ತಂದೆಯದು. ಒಂದು ನಿರ್ದಿಷ್ಟ ಜಾಗದಲ್ಲಿ ಐಆರ್ 64ರ ತುಂಡು ಇರುವ ಸಾಲುಗಳನ್ನೆಲ್ಲ ಒಂದು ಕಡೆ, ಅಜುಸೆನಾದ ತುಂಡು ಇರುವವನ್ನು ಇನ್ನೊಂದು ಕಡೆ ಗುಂಪು ಮಾಡಿ. ಎರಡು ಗುಂಪುಗಳ ಸರಾಸರಿ ಇಳುವರಿಯಲ್ಲಿ ನಂಬಬಹುದಾದ ವ್ಯತ್ಯಾಸವಿದ್ದರೆ, ಆ ಜಾಗದ ಆಸುಪಾಸಿನಲ್ಲಿ ಇಳುವರಿಯನ್ನು ಏರುಪೇರು ಮಾಡುವ ಏನೋ ಇದೆ. ಆ ‘ಏನೋ’ ಇರುವ ಪ್ರದೇಶವೇ ಕ್ಯೂಟಿಎಲ್. ಅದು ಒಂದು ಜೀನ್ ಅಲ್ಲ, ಎಷ್ಟೋ ಸಲ ನಿಜವಾದ ಇಳುವರಿಯ ಜೀನೂ ಅಲ್ಲ. ಈ ಎರಡನೆಯ ಮಾತಿಗೇ ಲೇಖನದ ಅರ್ಧ ಮೀಸಲು.

ಸಾಲುಗಳನ್ನು ಕಟ್ಟುವುದು

ಸಂಕರ ಮಾಡಿದ ಹಂಗಾಮಿನ ಮುಂದಿನ ಹಂಗಾಮಿನಲ್ಲಿ ಮೊದಲ ಪೀಳಿಗೆಯಾದ ಎಫ್1 ಗಿಡ ಬೆಳೆಸಿ. ಪರಾಗಕೋಶ ತೆಗೆಯುವಾಗ ಒಂದೆರಡು ಉಳಿದಿದ್ದರೆ ತಾಯಿ ತನ್ನದೇ ಪರಾಗದಿಂದ ಕಾಳು ಕಟ್ಟಿರುತ್ತದೆ. ಆದ್ದರಿಂದ ತಂದೆ ತಾಯಿಗಳಲ್ಲಿ ಬೇರೆ ಬೇರೆಯಾಗಿ ಕಾಣುವ ನಾಲ್ಕೈದು ಮಾರ್ಕರ್‌ಗಳಿಂದ, ಅಂದರೆ ಡಿಎನ್‌ಎಯ ಗುರುತುಗಳಿಂದ, ಪ್ರತಿ ಎಫ್1 ಗಿಡವನ್ನೂ ಪರೀಕ್ಷಿಸಿ. ಎರಡೂ ಕಡೆಯ ರೂಪ ಕಾಣಿಸಿದ ಗಿಡ ಮಾತ್ರ ನಿಜವಾದ ಸಂಕರ. ಮುಂದಿನ ಪೀಳಿಗೆಯಾದ ಎಫ್2 ಪೂರ್ತಿ ಒಂದೇ ಎಫ್1 ಗಿಡದಿಂದ ಬರಲಿ.

230 ಎಫ್2 ಗಿಡಗಳಿಂದ ಶುರು ಮಾಡಿದರೆ ಕೊನೆಗೆ 200 ಸಾಲು ಉಳಿಯುತ್ತವೆಂದು ಇಟ್ಟುಕೊಳ್ಳಬಹುದು. ಇಂಡಿಕಾ–ಜಪೋನಿಕಾ ಸಂಕರದಲ್ಲಿ ಜೊಳ್ಳು ಹೆಚ್ಚು, ಕೆಲವು ಗಿಡ ಕಾಳೇ ಕಟ್ಟುವುದಿಲ್ಲ. ಪ್ರತಿ ಪೀಳಿಗೆಯಲ್ಲಿ ಪ್ರತಿ ಗಿಡದಿಂದ ಮೂರು ಕಾಳು ಬಿತ್ತಿ, ಹುಟ್ಟಿದವುಗಳಲ್ಲಿ ಒಂದನ್ನು ಮಾತ್ರ ಉಳಿಸಿ. ಚೆನ್ನಾಗಿರುವುದನ್ನು ಆರಿಸಬೇಡಿ, ಮೊದಲೇ ಗೊತ್ತು ಮಾಡಿದ ಜಾಗದ್ದನ್ನು ಉಳಿಸಿ. ಕಣ್ಣಿಗೆ ಚೆಂದ ಕಂಡದ್ದನ್ನು ಆರಿಸುತ್ತ ಹೋದರೆ ನೀವು ಹುಡುಕಬೇಕಾದ ವ್ಯತ್ಯಾಸವನ್ನೇ ಒಕ್ಕಣೆಯಲ್ಲಿ ತೂರಿಬಿಟ್ಟಂತೆ. ಎಫ್2ರಲ್ಲಿ ಒಂದು ಜಾಗದಲ್ಲಿ ಮಿಶ್ರ ಸ್ಥಿತಿ ಇರುವ ಸಾಧ್ಯತೆ ಅರ್ಧ. ಪ್ರತಿ ಪೀಳಿಗೆಗೂ ಅದು ಅರ್ಧಕ್ಕಿಳಿಯುತ್ತ ಎಫ್7ರ ಹೊತ್ತಿಗೆ 64ರಲ್ಲಿ ಒಂದಾಗುತ್ತದೆ, ಅಂದರೆ ಸುಮಾರು 1.6%. ವರ್ಷಕ್ಕೆ ಎರಡು ಬೆಳೆ ತೆಗೆದರೆ ಸಂಕರದಿಂದ ಬೀಜ ಹೆಚ್ಚಿಸುವವರೆಗೆ ನಾಲ್ಕೂವರೆ ವರ್ಷ ಹಿಡಿಯುತ್ತದೆ.

ಹಳೆಯ 135 ಸಾಲುಗಳನ್ನು ಪರಾಗಕೋಶ ಕೃಷಿಯಿಂದ, ಅಂದರೆ ಪರಾಗವನ್ನೇ ಗಿಡವಾಗಿ ಬೆಳೆಸಿ, ಒಂದೇ ನೆಗೆತದಲ್ಲಿ ಮಾಡಲಾಗಿತ್ತು. ಅದರಲ್ಲಿ ಸಮಯ ಉಳಿಯುತ್ತದೆ, ಆದರೆ ವರ್ಣತಂತುಗಳು ತುಂಡು ಬದಲಿಸಿಕೊಳ್ಳಲು ಒಂದೇ ಅವಕಾಶ. ಪೀಳಿಗೆ ಪೀಳಿಗೆಯಾಗಿ ಬಂದ ಸಾಲುಗಳಲ್ಲಿ ಹತ್ತಿರದ ಮಾರ್ಕರ್‌ಗಳ ನಡುವೆ ಸುಮಾರು ಎರಡರಷ್ಟು ತುಂಡರಿಕೆ ಸಿಗುವುದರಿಂದ ಜಾಗ ಹೆಚ್ಚು ಕಿರಿದಾಗಿ ಗೊತ್ತಾಗುತ್ತದೆ.

ಡಿಎನ್‌ಎ ತೆಗೆಯುವ ಎಲೆ ಮತ್ತು ಗದ್ದೆಗೆ ಹೋಗುವ ಬೀಜ ಎರಡೂ ಒಂದೇ ಎಫ್7 ಗಿಡದ ವಂಶದವಾಗಿರಬೇಕು. ಎಲೆ ಒಂದು ಗಿಡದ್ದು, ಬೀಜ ಸಾಲಿನ ಎಲ್ಲ ಗಿಡಗಳನ್ನೂ ಬೆರೆಸಿ ಒಕ್ಕಿದ್ದು ಎಂದಾದರೆ ನಕ್ಷೆ ಒಂದರದು, ಇಳುವರಿ ಇನ್ನೊಂದರದು. ಒಂದು ಗಿಡದ ಬೀಜ ಮೂರು ಊರಿನ ಪ್ರಯೋಗಕ್ಕೆ ಸಾಲದು. ಅದನ್ನು ಒಂದು ಹಂಗಾಮು ಬೆಳೆದು ಸಾಲಿಗೆ 150 ಗ್ರಾಂ ಆದರೂ ಮಾಡಿಕೊಳ್ಳಿ, ಉಳಿದ ಮೂಲ ಬೀಜವನ್ನು ತಂಪಿನಲ್ಲಿಡಿ.

ಎಷ್ಟು ಸಾಲು, ಎಷ್ಟು ತಾಕು

ಸಾಲುಗಳ ಸಂಖ್ಯೆಯನ್ನು ಅಂದಾಜಿನಲ್ಲಿ ಹೇಳಬೇಕಿಲ್ಲ. ಒಂದು ಕ್ಯೂಟಿಎಲ್ ಸಾಲುಗಳ ಸರಾಸರಿಯಲ್ಲಿ ಕಾಣುವ ಒಟ್ಟು ವ್ಯತ್ಯಾಸದ R² ಪಾಲನ್ನು ವಿವರಿಸುತ್ತಿದ್ದರೆ, n ಸಾಲುಗಳಲ್ಲಿ ಅದು ಇದೆಯೆಂಬ ಸಾಕ್ಷ್ಯದ ಬಲ ತೋರಿಸುವ ಲಾಡ್ ಅಂಕ ಸುಮಾರು ಇಷ್ಟಿರುತ್ತದೆ:

```
LOD = -(n/2) * log10(1 - R2)
```

ಭತ್ತದ ಇಂಥ ಸಂಕರದಲ್ಲಿ ನಂಬಿಕೆಯ ಗೆರೆ ಸಾಮಾನ್ಯವಾಗಿ 3ರ ಆಸುಪಾಸಿನಲ್ಲಿ ಬೀಳುತ್ತದೆ. 10% ವಿವರಿಸುವ ಕ್ಯೂಟಿಎಲ್ 135 ಸಾಲುಗಳಲ್ಲಿ 3.1 ಕೊಡುತ್ತದೆ, ಅಂದರೆ ಸಿಕ್ಕರೆ ಸಿಕ್ಕಿತು. 200 ಸಾಲುಗಳಲ್ಲಿ ಅದೇ 4.6 ಆಗುತ್ತದೆ. 5% ವಿವರಿಸುವುದು 200 ಸಾಲುಗಳಲ್ಲೂ 2.2ಕ್ಕೆ ನಿಲ್ಲುತ್ತದೆ, ಹೆಚ್ಚಿನ ಸಲ ಕಾಣುವುದೇ ಇಲ್ಲ.

ಆದರೆ R² ಎನ್ನುವುದು ಬರೀ ಜೀನಿನ ಗುಣವಲ್ಲ, ಗದ್ದೆಯ ಗುಣವೂ ಹೌದು. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಸಾಲುಗಳ ನಡುವಿನ ಆನುವಂಶಿಕ ವ್ಯತ್ಯಾಸ 0.20, ಊರಿನಿಂದ ಊರಿಗೆ ಸಾಲುಗಳ ಸ್ಥಾನ ಬದಲಾಗುವುದರಿಂದ ಬರುವುದು 0.12, ಮಣ್ಣು, ನೀರು, ತೂಕದ ತಪ್ಪುಗಳೆಲ್ಲ ಸೇರಿ 0.40. ಪ್ರತಿ ಸಾಲಿಗೆ ಆರು ತಾಕು ಹಾಕುವ ಶಕ್ತಿ ನಿಮಗಿದೆ. ಆರನ್ನೂ ಒಂದೇ ಊರಿನಲ್ಲಿ ಹಾಕಿದರೆ ಸರಾಸರಿಯ ಆನುವಂಶಿಕತೆ 0.20 / (0.20 + 0.12 + 0.40/6), ಅಂದರೆ 0.52. ಮೂರು ಊರುಗಳಲ್ಲಿ ಎರಡೆರಡು ಹಾಕಿದರೆ 0.20 / (0.20 + 0.12/3 + 0.40/6), ಅಂದರೆ 0.65. ತಾಕುಗಳ ಸಂಖ್ಯೆ ಅಷ್ಟೇ, ಫಲ ಬೇರೆ. ಹಣ ಕಡಿಮೆಯೆಂದು ಒಂದೇ ಊರಿನಲ್ಲಿ ಎರಡು ತಾಕಿಗೆ ನಿಲ್ಲಿಸಿದರೆ 0.38ಕ್ಕೆ ಇಳಿಯುತ್ತದೆ. ಆನುವಂಶಿಕ ವ್ಯತ್ಯಾಸದ 15% ಹೊತ್ತ ಒಂದು ಕ್ಯೂಟಿಎಲ್‌ಗೆ 200 ಸಾಲುಗಳಲ್ಲಿ ಮೂರೂರಿನ ಪ್ರಯೋಗದಲ್ಲಿ ಲಾಡ್ 4.5 ಬರುತ್ತದೆ, ಒಂದೂರಿನ ಎರಡು ತಾಕಿನಲ್ಲಿ 2.6. ಜೀನು ಅದೇ, ಒಂದರಲ್ಲಿ ಸಿಕ್ಕಿತು, ಇನ್ನೊಂದರಲ್ಲಿ ಇಲ್ಲ. ಹೆಚ್ಚು ಮಾರ್ಕರ್ ಕೊಂಡು ಈ ನಷ್ಟವನ್ನು ತುಂಬಲಾಗದು. ಹಣ ಹಂಚುವಾಗ ಗದ್ದೆಗೇ ದೊಡ್ಡ ಪಾಲು ಕೊಡಿ.

ಗದ್ದೆಯಲ್ಲಿ

ಒಂದು ತಾಕಿಗೆ 20 ಸೆಂಮೀ ಅಂತರದ ಹತ್ತು ನಾಟಿ ಸಾಲು, ನಾಟಿ ಸಾಲಿಗೆ 15 ಸೆಂಮೀಗೊಂದರಂತೆ 20 ಬುಡ, ಬುಡಕ್ಕೆ ಒಂದೇ ಸಸಿ. ಎತ್ತರದ ಸಾಲಿನ ಪಕ್ಕ ಗಿಡ್ಡ ಸಾಲು ಬಂದರೆ ಅಂಚಿನ ಗಿಡ್ಡ ಪೈರು ನೆರಳಿಗೆ ಸಿಕ್ಕಿ ಸೊರಗುತ್ತದೆ, ಎತ್ತರದ್ದು ಹೆಚ್ಚು ಬಿಸಿಲು ಉಣ್ಣುತ್ತದೆ. ಈ ಸಂಕರದಲ್ಲಿ ಎತ್ತರದ ಅಂತರ ದೊಡ್ಡದಾದ್ದರಿಂದ ಅಂಚು ಬಿಡದೆ ಕೊಯ್ದರೆ ಎತ್ತರದ ಜೀನೇ ಇಳುವರಿಯ ಜೀನಿನ ವೇಷ ಹಾಕಿಕೊಂಡು ಬರುತ್ತದೆ. ಎರಡೂ ಬದಿಯ ಒಂದೊಂದು ನಾಟಿ ಸಾಲು, ಪ್ರತಿ ನಾಟಿ ಸಾಲಿನ ಎರಡೂ ತುದಿಯ ಒಂದೊಂದು ಬುಡ ಬಿಟ್ಟು ಒಳಗಿನ 8 × 18 = 144 ಬುಡ ಮಾತ್ರ ಕೊಯ್ಯಿರಿ. ಅದರ ವಿಸ್ತೀರ್ಣ 4.32 ಚದರ ಮೀಟರ್.

ಎಲ್ಲ ಸಾಲುಗಳೂ ಒಂದೇ ದಿನ ಮಾಗುವುದಿಲ್ಲವಾದ್ದರಿಂದ ಕಾಳಿನ ತೇವಾಂಶ ಒಂದೇ ಇರುವುದಿಲ್ಲ. ಪ್ರತಿ ತಾಕಿನ ತೂಕದ ಜೊತೆಗೇ ತೇವಾಂಶ ಅಳೆದು, ಎಲ್ಲವನ್ನೂ 14%ಕ್ಕೆ ತನ್ನಿ. ತೂರಿದ ಕಾಳು 18% ತೇವಾಂಶದಲ್ಲಿ 2.2 ಕೆಜಿ ಬಂದರೆ, 2.2 × (100 − 18) / (100 − 14) = 2.10 ಕೆಜಿ. ಅದನ್ನು 4.32ರಿಂದ ಭಾಗಿಸಿ 10ರಿಂದ ಗುಣಿಸಿದರೆ ಹೆಕ್ಟೇರಿಗೆ 4.86 ಟನ್. ತಿದ್ದದೆ ಬಿಟ್ಟಿದ್ದರೆ 5.09 ಎಂದು ಬರೆಯುತ್ತಿದ್ದಿರಿ. ತಡವಾಗಿ ಮಾಗುವ ಸಾಲುಗಳೆಲ್ಲ ಹಸಿಯಾಗಿಯೇ ಕೊಯ್ಲಾದರೆ ಈ ಕಾಲು ಟನ್ನಿನ ತಪ್ಪು ಹೂ ಬಿಡುವ ಜೀನಿನ ಮೇಲೆ ಲಾಡ್ ಅಂಕದ ಒಂದು ಸುಳ್ಳು ಶಿಖರ ಎಬ್ಬಿಸಲು ಸಾಕು.

ಇನ್ನೂರು ಸಾಲುಗಳ ಒಂದು ಪುನರಾವರ್ತನೆಗೇ 1200 ಚದರ ಮೀಟರ್ ಬೇಕು. ಅಷ್ಟು ದೊಡ್ಡ ಗದ್ದೆಯ ಮಣ್ಣು ಸಮನಾಗಿರುವುದಿಲ್ಲ, ನೀರು ಒಳಬರುವ ಮೂಲೆ ಮತ್ತು ಹೊರಹೋಗುವ ಮೂಲೆಗೆ ಅಜಗಜಾಂತರ. ಆದ್ದರಿಂದ ಪುನರಾವರ್ತನೆಯನ್ನು ಹತ್ತಿಪ್ಪತ್ತು ತಾಕುಗಳ ಚಿಕ್ಕ ಪಟ್ಟಿಗಳಾಗಿ ಒಡೆಯುವ ಆಲ್ಫಾ ಲ್ಯಾಟಿಸ್ ವಿನ್ಯಾಸ ಹಾಕಿ, ಎರಡೂ ಪೋಷಕ ತಳಿಗಳನ್ನು ಹಲವು ಸಲ ಸೇರಿಸಿ. ವಿಶ್ಲೇಷಣೆಗೆ ಹೋಗುವುದು ಪಟ್ಟಿಯ ಪರಿಣಾಮ ಕಳೆದ ಸರಾಸರಿ.

ಇಳುವರಿಯೊಂದನ್ನೇ ಅಳೆದು ಮನೆಗೆ ಹೋದರೆ ಮುಂದೆ ಅರ್ಥ ಹಚ್ಚಲು ಏನೂ ಇರುವುದಿಲ್ಲ. ಪ್ರತಿ ತಾಕಿನಲ್ಲೂ ಅರ್ಧದಷ್ಟು ತೆನೆ ಹೂ ಬಿಟ್ಟ ದಿನ, ಗಿಡದ ಎತ್ತರ, ಪೈರು ಎಷ್ಟು ಮಲಗಿದೆ, ಬುಡಕ್ಕೆಷ್ಟು ತೆನೆ, ತೆನೆಯಲ್ಲಿ ಗಟ್ಟಿ ಕಾಳೆಷ್ಟು ಜೊಳ್ಳೆಷ್ಟು, ಸಾವಿರ ಕಾಳಿನ ತೂಕ ಇವನ್ನು ಬರೆದಿಡಿ. ಊರೆಲ್ಲದರ ಭತ್ತಕ್ಕಿಂತ ಮೊದಲೇ ಹಾಲು ತುಂಬಿದ ಸಾಲುಗಳಿಗೆ ಹಕ್ಕಿಗಳೂ ಮೊದಲೇ ಬರುತ್ತವೆ. ಬಲೆ ಹಾಕದಿದ್ದರೆ ನೀವು ಅಳೆಯುತ್ತಿರುವುದು ಗುಬ್ಬಿಗಳ ಹಸಿವನ್ನು.

ಮಾರ್ಕರ್ ಮತ್ತು ಜರಡಿ

ಭತ್ತದ ಹನ್ನೆರಡು ವರ್ಣತಂತುಗಳ ಒಟ್ಟು ಉದ್ದ, ತುಂಡರಿಕೆಯ ಪ್ರಮಾಣದಿಂದ ದೂರ ಅಳೆಯುವ ಮಾನದಲ್ಲಿ, ಸುಮಾರು 1500 ಸೆಂಟಿಮಾರ್ಗನ್. ಐದು ಸೆಂಟಿಮಾರ್ಗನ್‌ಗೊಂದರಂತೆ ತಂದೆ ತಾಯಿಗಳನ್ನು ಬೇರ್ಪಡಿಸುವ 300 ಮಾರ್ಕರ್ ಸಿಕ್ಕರೆ 200 ಸಾಲುಗಳಿಗೆ ಅಷ್ಟು ಸಾಕು. ಹಿಂದೆ ಆರ್‌ಎಂ ಸರಣಿಯ ಎಸ್‌ಎಸ್‌ಆರ್‌ ಎಂಬ ಡಿಎನ್‌ಎಯ ಮರುಕಳಿಸುವ ತುಣುಕುಗಳಿಂದ ಈ ಕೆಲಸ ಆಗುತ್ತಿತ್ತು. ಈಗ ಸಾವಿರದಿಂದ ಏಳು ಸಾವಿರದಷ್ಟು ಎಸ್‌ಎನ್‌ಪಿ ಎಂಬ ಒಂದೇ ಅಕ್ಷರದ ಡಿಎನ್‌ಎ ವ್ಯತ್ಯಾಸಗಳನ್ನು ನೋಡುವ ಸಿದ್ಧ ಸೆಟ್‌ಗಳಿವೆ.

ಬಂದ ದತ್ತಾಂಶವನ್ನು ನೇರ ವಿಶ್ಲೇಷಣೆಗೆ ಹಾಕಬೇಡಿ. ಒಂದು ಸಾಲಿನಲ್ಲಿ ಮಿಶ್ರ ರೂಪ 2%ರ ಬದಲು 20% ಕಂಡರೆ ಇತ್ತೀಚೆಗೆ ಪರಪರಾಗ ಬಿದ್ದಿದೆ ಅಥವಾ ಬೀಜ ಬೆರೆತಿದೆ. ತಂದೆ ತಾಯಿಗಳಿಬ್ಬರಲ್ಲೂ ಒಂದೇ ಆಗಿರುವ ಮಾರ್ಕರ್‌ಗಳನ್ನು ಈ ಹಂತದವರೆಗೆ ಎಸೆಯಬೇಡಿ: ಅಲ್ಲಿ ಮೂರನೆಯವರ ರೂಪ ಕಂಡ ಸಾಲು ಈ ಸಂಕರದ್ದೇ ಅಲ್ಲ. ಎರಡು ಸಾಲುಗಳು 95%ಕ್ಕೂ ಹೆಚ್ಚು ಹೋಲಿದರೆ ಎಲ್ಲೋ ಒಂದೇ ಬೀಜದ ಚೀಲ ಎರಡು ಹೆಸರು ಪಡೆದಿದೆ, ಏಕೆಂದರೆ ಇಂಥ ಸಾಲುಗಳ ಹೋಲಿಕೆ ಅರ್ಧದ ಆಸುಪಾಸಿನಲ್ಲಿರಬೇಕು.

ಪ್ರತಿ ಮಾರ್ಕರ್‌ನಲ್ಲೂ ಎರಡು ರೂಪಗಳು 100:100ರ ಹತ್ತಿರ ಬರಬೇಕು. 130:70 ಬಂದರೆ ಕೈ-ವರ್ಗ ಪರೀಕ್ಷೆಯ ಅಂಕ 18, ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಆಗ ನೆರೆಯ ಮಾರ್ಕರ್‌ಗಳನ್ನು ನೋಡಿ. ಆಚೀಚೆಯವು ಸರಿಯಿದ್ದು ಇದೊಂದೇ ವಾಲಿದ್ದರೆ ಮಾರ್ಕರ್ ತಪ್ಪು, ತೆಗೆಯಿರಿ. ವಾಲಿಕೆ ಒಂದು ಉದ್ದದ ಭಾಗದಲ್ಲಿ ಮೆಲ್ಲಗೆ ಏರಿ ಮೆಲ್ಲಗೆ ಇಳಿದರೆ ಅದು ಜೀವದ ಮಾತು, ಇರಲಿ ಬಿಡಿ. ಇಂಡಿಕಾ–ಜಪೋನಿಕಾ ಸಂಕರದಲ್ಲಿ ಆರನೇ ವರ್ಣತಂತುವಿನ ಎಸ್5 ಜಾಗ ಹೀಗೆ ವಾಲಲು ಹೆಸರಾದದ್ದು, ಅದು ಸಂಕರದ ಬಂಜೆತನದ ಜಾಗ.

ವಿಶ್ಲೇಷಣೆ

ಆರ್ ಭಾಷೆಯ ಕ್ಯೂಟಿಎಲ್ ಪೊಟ್ಟಣ ಉಚಿತ ಮತ್ತು ಈ ಕೆಲಸಕ್ಕೆ ಸಾಕು. ಕಡತದ ಮೊದಲ ಸಾಲಿನಲ್ಲಿ ಗುಣಗಳ ಮತ್ತು ಮಾರ್ಕರ್‌ಗಳ ಹೆಸರು, ಎರಡನೆಯದರಲ್ಲಿ ಮಾರ್ಕರ್‌ಗಳ ವರ್ಣತಂತು, ಮೂರನೆಯದರಲ್ಲಿ ಸ್ಥಾನ. ಗುಣಗಳ ಕೆಳಗೆ ಆ ಎರಡು ಕೋಶ ಖಾಲಿ ಇರಲಿ. ಐಆರ್ 64ರ ರೂಪಕ್ಕೆ A, ಅಜುಸೆನಾಕ್ಕೆ B, ಮಿಶ್ರಕ್ಕೆ H. ಗುಣಗಳಲ್ಲಿ ಎತ್ತರಕ್ಕೆ height, ಇಳುವರಿಗೆ yield, ಹೂವಿನ ದಿನಕ್ಕೆ dff ಎಂದು ಹೆಸರಿಡಿ.

```r
library(qtl)
d <- read.cross("csv", ".", "ril.csv",
       genotypes=c("A","H","B"), na.strings=c("-","NA"))
d <- convert2riself(d)
m <- est.map(d, error.prob=0.001)
summary(m)
```

ಇಲ್ಲಿ ನಿಲ್ಲಿ. ಒಟ್ಟು ಉದ್ದ 1500ರ ಹತ್ತಿರ ಬರಬೇಕು. ಮೂರು ನಾಲ್ಕು ಸಾವಿರ ಬಂದರೆ ಮಾರ್ಕರ್ ಓದಿದ್ದರಲ್ಲಿ ತಪ್ಪುಗಳಿವೆ ಅಥವಾ ಅವುಗಳ ಕ್ರಮ ಕೆಟ್ಟಿದೆ. ಪ್ರತಿ ಸುಳ್ಳು ಓದು ಎರಡು ಸುಳ್ಳು ತುಂಡರಿಕೆಯಾಗಿ ನಕ್ಷೆಯನ್ನು ಹಿಗ್ಗಿಸುತ್ತದೆ. ಸರಿಯಿದ್ದರೆ ಮುಂದಕ್ಕೆ:

```r
d <- replace.map(d, m)
d <- calc.genoprob(d, step=1, error.prob=0.001)
h <- scanone(d, pheno.col="height", method="hk")
plot(h)
```

ಇಳುವರಿಗಿಂತ ಮೊದಲು ಎತ್ತರವನ್ನೇಕೆ ಓಡಿಸಿದೆವು? ಐಆರ್ 64ರಲ್ಲಿ ಗಿಡ್ಡತನದ ಎಸ್‌ಡಿ1 ಜೀನ್ ಇದೆ, ಅಜುಸೆನಾದಲ್ಲಿಲ್ಲ. ಅದು ಒಂದನೇ ವರ್ಣತಂತುವಿನ ಉದ್ದ ತೋಳಿನ ತುದಿಯತ್ತ, ಸುಮಾರು 38 ಮೆಗಾಬೇಸ್, ಅಂದರೆ 3.8 ಕೋಟಿ ಡಿಎನ್‌ಎ ಅಕ್ಷರಗಳಷ್ಟು ದೂರದಲ್ಲಿದೆ. ಎತ್ತರಕ್ಕೆ ಅಲ್ಲೊಂದು ಗೋಪುರದಂಥ ಶಿಖರ ಬರಲೇಬೇಕು. ಬರದಿದ್ದರೆ ಎಲೆಯ ಟ್ಯೂಬುಗಳ ಕ್ರಮವೋ ಗದ್ದೆಯ ಪಟ್ಟಿಯೋ ಅದಲುಬದಲಾಗಿದೆ. ಶಿಖರ ಇದ್ದೂ ಮಂಕಾಗಿದ್ದರೆ, ಒಂದು ತಟ್ಟೆಯಷ್ಟು ಮಾದರಿ ಮಾತ್ರ ತಿರುಗುಮುರುಗಾಗಿರಬಹುದು. ಎಸ್‌ಡಿ1 ಹತ್ತಿರ A ಇದ್ದೂ ಎತ್ತರ ಬೆಳೆದ ಸಾಲುಗಳ ಸಂಖ್ಯೆಗಳನ್ನು ಪಟ್ಟಿ ಮಾಡಿ, ಅವೆಲ್ಲ ಒಂದೇ ತಟ್ಟೆಯವೇ ನೋಡಿ. ಉತ್ತರ ಗೊತ್ತಿರುವ ಇಂಥ ಪ್ರಶ್ನೆ ಕೇಳದೆ ಉತ್ತರ ಗೊತ್ತಿಲ್ಲದ್ದಕ್ಕೆ ಹೋಗಬೇಡಿ.

```r
y <- scanone(d, pheno.col="yield", method="hk")
p <- scanone(d, pheno.col="yield", method="hk", n.perm=1000)
summary(y, perms=p, alpha=0.05, pvalues=TRUE)
lodint(y, chr=3, drop=1.5)
```

ಇಲ್ಲಿನ ಎರಡನೇ ಆಜ್ಞೆ ಇಳುವರಿಯ ಅಂಕಿಗಳನ್ನು ಸಾವಿರ ಸಲ ಕಲಸಿ, ಬರೀ ಆಕಸ್ಮಿಕದಿಂದ ಎಷ್ಟು ಎತ್ತರದ ಶಿಖರ ಏಳಬಲ್ಲದೆಂದು ತೋರಿಸುತ್ತದೆ. ಆ ಸಾವಿರದಲ್ಲಿ 950 ಯಾವುದನ್ನು ದಾಟಲಿಲ್ಲವೋ ಅದೇ ನಿಮ್ಮ ಗೆರೆ. ಕೊನೆಯ ಆಜ್ಞೆ ಮೂರನೇ ವರ್ಣತಂತುವಿನ ಶಿಖರದ ಕ್ಯೂಟಿಎಲ್ ಎಷ್ಟು ಅಗಲದ ಜಾಗದೊಳಗೆ ಇರಬಹುದೆಂದು ಹೇಳುತ್ತದೆ.

ಶಿಖರ ಯಾರದು?

ವಿವರಿಸಲೆಂದು ಮೂರು ಶಿಖರಗಳನ್ನು ಕಲ್ಪಿಸಿಕೊಳ್ಳೋಣ. ಗೆರೆ 3.1. ಇಳುವರಿಗೆ ಒಂದನೇ ವರ್ಣತಂತುವಿನ ತುದಿಯಲ್ಲಿ 5.1, ಆರನೆಯದರಲ್ಲಿ 3.8, ಮೂರನೆಯದರಲ್ಲಿ 4.0.

ಮೊದಲನೆಯದು ಎಸ್‌ಡಿ1 ಕೂತ ಜಾಗ. ಊರೂರಿನ ದತ್ತಾಂಶವನ್ನು ಬೇರೆ ಬೇರೆಯಾಗಿ ಓಡಿಸಿದಾಗ ಎರಡನೇ ಊರಿನಲ್ಲಿ ಮಾತ್ರ ಶಿಖರ ಕಾಣುತ್ತದೆ. ಪುಸ್ತಕ ತೆಗೆದು ನೋಡಿದರೆ ಅಲ್ಲೇ ಕೊಯ್ಲಿಗೆ ಮುಂಚೆ ಗಾಳಿಮಳೆ ಬಂದು ಎತ್ತರದ ಸಾಲುಗಳು ಮಲಗಿವೆ. ಗಿಡ್ಡತನ ಅಲ್ಲಿ ಇಳುವರಿಯನ್ನು ಉಳಿಸಿದ್ದು ನಿಜ, ಆದರೆ ಹೊಸದೇನನ್ನೂ ನೀವು ಕಂಡುಹಿಡಿದಿಲ್ಲ.

ಆರನೇ ವರ್ಣತಂತುವಿನಲ್ಲಿ ಹೂ ಬಿಡುವ ಕಾಲವನ್ನು ನಿರ್ಧರಿಸುವ ಎಚ್‌ಡಿ1 ಇದೆ, ಎಸ್5ರ ಬಂಜೆತನವೂ ಹತ್ತಿರದಲ್ಲೇ ಇದೆ. ಹೂವಿನ ದಿನವನ್ನು ಲೆಕ್ಕದೊಳಗೆ ಸೇರಿಸಿ ಮತ್ತೆ ಓಡಿಸಿ:

```r
y2 <- scanone(d, pheno.col="yield", method="hk",
              addcovar=d$pheno$dff)
```

ಶಿಖರ 3.8ರಿಂದ 0.9ಕ್ಕೆ ಕುಸಿದರೆ ಅದು ಹೂವಿನ ಕಾಲದ ಮೂಲಕ ಬಂದ ಪರಿಣಾಮ. ಕುಸಿಯದೆ, ಜೊಳ್ಳಿನ ಪ್ರಮಾಣಕ್ಕೂ ಅಲ್ಲೇ ಶಿಖರ ಎದ್ದರೆ ಬಂಜೆತನದ ಕಡೆಗೆ ಬೆರಳು ತೋರಿಸುತ್ತದೆ. ಇಲ್ಲೊಂದು ಎಚ್ಚರ: ಇಳುವರಿಯ ದಾರಿಯಲ್ಲೇ ಇರುವ ಗುಣವನ್ನು, ಉದಾಹರಣೆಗೆ ತೆನೆಯ ಕಾಳಿನ ಸಂಖ್ಯೆಯನ್ನು, ಹೀಗೆ ಸೇರಿಸಿದರೆ ನಿಜವಾದ ಇಳುವರಿಯ ಕ್ಯೂಟಿಎಲ್ ಕೂಡ ಮಾಯವಾಗುತ್ತದೆ. ನಿಮಗೆ ಬೇಡವಾದ ದಾರಿಗಳನ್ನು ಮುಚ್ಚಲು ಮಾತ್ರ ಈ ಉಪಾಯ ಬಳಸಿ. ಹೂವಿನ ಕಾಲವೂ ಯಾವಾಗಲೂ ಬೇಡವಾದದ್ದಲ್ಲ. ನಾಲ್ಕು ದಿನ ತಡವಾದರೂ ಪರವಾಗಿಲ್ಲದ ನೀರಾವರಿ ನಾಡಿಗೆ ಅದೇ ಬೇಕಾದ ಜೀನ್ ಆಗಬಹುದು.

ಮೂರನೆಯದು ಮೂರೂ ಊರಿನಲ್ಲಿ ಒಂದೇ ದಿಕ್ಕಿನಲ್ಲಿದೆ, ಹೂವಿನ ದಿನ ಸೇರಿಸಿದರೂ 3.9ರಲ್ಲಿ ನಿಲ್ಲುತ್ತದೆ, ತೆನೆಯ ಗಟ್ಟಿ ಕಾಳಿನ ಸಂಖ್ಯೆಗೂ ಅಲ್ಲೇ ಶಿಖರವಿದೆ. ಗುಂಪುಗಳ ಸರಾಸರಿ ಐಆರ್ 64 ರೂಪಕ್ಕೆ 4.40 ಟನ್, ಅಜುಸೆನಾ ರೂಪಕ್ಕೆ 4.75. ಕಡಿಮೆ ಇಳುವರಿಯ ತಂದೆಯಿಂದ ಒಳ್ಳೆಯ ತುಂಡು ಬಂತೆಂದು ಅನುಮಾನಪಡಬೇಕಿಲ್ಲ. ಬರದಲ್ಲಿ ಇಳುವರಿ ಕಾಯುವ ಕ್ಯೂಡಿಟಿವೈ12.1 ವಂದನಾ × ವೇ ರಾರೆಮ್ ಸಂಕರದ 436 ಸಾಲುಗಳಲ್ಲಿ ಸಿಕ್ಕಾಗ, ಉಪಕಾರಿ ರೂಪ ಬಂದದ್ದು ಬರ ತಾಳದ ವೇ ರಾರೆಮ್‌ನಿಂದಲೇ.

ಆದರೆ 0.35 ಟನ್ ಎಂಬ ಅಂಕಿಯನ್ನು ಹಾಗೇ ನಂಬಬೇಡಿ. ಗೆರೆ ದಾಟಿದ್ದನ್ನು ಮಾತ್ರ ನಾವು ವರದಿ ಮಾಡುತ್ತೇವೆ, ಗೆರೆ ದಾಟಲು ಅದೃಷ್ಟವೂ ಕೈಗೂಡಿರುತ್ತದೆ, ಆದ್ದರಿಂದ ಅಳತೆ ಹಿಗ್ಗಿರುತ್ತದೆ. ಬೀವಿಸ್ ಪರಿಣಾಮವೆಂದು ಹೆಸರಾದ ಇದು ನೂರು ಸಾಲುಗಳಲ್ಲಿ ತೀವ್ರ, ಸಾವಿರದಲ್ಲಿ ನಗಣ್ಯ. ಇನ್ನೂರರಲ್ಲಿ ನಿಜವಾದ ಅಂತರ ಸ್ವಲ್ಪ ಕಡಿಮೆಯೆಂದೇ ಎಣಿಸಿ. ಜಾಗದ ಅಗಲವೂ ಹಾಗೆಯೇ: 15 ಸೆಂಟಿಮಾರ್ಗನ್ ಎಂದರೆ ಭತ್ತದಲ್ಲಿ ಸುಮಾರು ಮೂರೂಮುಕ್ಕಾಲು ಮೆಗಾಬೇಸ್, ಅದರೊಳಗೆ ನೂರಾರು ಜೀನುಗಳು. ಜೀನ್ ಪಟ್ಟಿಯಿಂದ ಚೆಂದದ ಹೆಸರೊಂದನ್ನು ಆರಿಸಿ ‘ಇದೇ’ ಎನ್ನುವುದು ಈ ಹಂತದಲ್ಲಿ ಊಹೆಯಷ್ಟೆ. ಹಬಟಾಕಿ ಭತ್ತದ ಕಾಳಿನ ಸಂಖ್ಯೆಯ ಜಿಎನ್1ಎ ಜೀನನ್ನು 2005ರಲ್ಲಿ ಬೇರ್ಪಡಿಸಲು ಸುಮಾರು 13,000 ಗಿಡಗಳನ್ನು ಜಾಲಾಡಬೇಕಾಯಿತು.

ಖಚಿತಪಡಿಸುವುದು

ತಂಪಿನಲ್ಲಿಟ್ಟ ಮೂಲ ಬೀಜ ಈಗ ಕೆಲಸಕ್ಕೆ ಬರುತ್ತದೆ. 200 ಎಫ್7 ಗಿಡಗಳಲ್ಲಿ ಯಾವುದೇ ಒಂದು ಜಾಗದಲ್ಲಿ ಸರಾಸರಿ ಮೂರು ಗಿಡ ಇನ್ನೂ ಮಿಶ್ರವಾಗಿರುತ್ತವೆ. ಮಾರ್ಕರ್ ಕಡತದಲ್ಲಿ ಮೂರನೇ ವರ್ಣತಂತುವಿನ ಶಿಖರದ ಎರಡೂ ಬದಿಯ ಮಾರ್ಕರ್‌ಗಳಲ್ಲಿ H ಇರುವ ಗಿಡ ಹುಡುಕಿ. ಅದರ ಮೂಲ ಬೀಜದಿಂದ 40 ಸಸಿ ಎಬ್ಬಿಸಿ, ಆ ಎರಡು ಮಾರ್ಕರ್ ಮಾತ್ರ ನೋಡಿ. ಸುಮಾರು ಹತ್ತು AA, ಹತ್ತು BB ಸಿಗುತ್ತವೆ. ಉಳಿದೆಡೆ ಅವು ಬಹುತೇಕ ಒಡಹುಟ್ಟಿದ ಅವಳಿಗಳು. ಬೀಜ ಹೆಚ್ಚಿಸಿ, ಎರಡು ಗುಂಪುಗಳನ್ನು ಅದೇ 4.32 ಚದರ ಮೀಟರ್ ಲೆಕ್ಕದಲ್ಲಿ ಗುಂಪಿಗೆ ಹತ್ತಕ್ಕೆ ಕಡಿಮೆಯಿಲ್ಲದ ತಾಕುಗಳಲ್ಲಿ ಎರಡು ಊರಿನಲ್ಲಿ ಬೆಳೆಯಿರಿ. ಎತ್ತರ, ಹೂವಿನ ದಿನ ಎರಡೂ ಸಮವಾಗಿದ್ದು BB ಗುಂಪು ಮುಂದಿದ್ದರೆ ಕ್ಯೂಟಿಎಲ್ ನಿಜ. ಅಂತರ 0.35ರ ಬದಲು 0.2 ಬಂದರೆ ಆಶ್ಚರ್ಯಪಡಬೇಡಿ. ಅಂತರವೇ ಇಲ್ಲವಾದರೆ ಎರಡನೇ ಮಿಶ್ರ ಗಿಡದ ವಂಶದಲ್ಲೂ ನೋಡಿ: ಅಲ್ಲಿ ಕಂಡು ಇಲ್ಲಿ ಕಾಣದಿದ್ದರೆ ಈ ತುಂಡು ಬೇರೊಂದು ವರ್ಣತಂತುವಿನ ಜೊತೆಗಾರನನ್ನು ಕಾಯುತ್ತಿರಬಹುದು, ಎರಡರಲ್ಲೂ ಕಾಣದಿದ್ದರೆ ಶಿಖರವನ್ನು ಪಟ್ಟಿಯಿಂದ ಹೊಡೆದುಹಾಕಿ.